ಡಾ, ಡಾಂಗ್, ಸೆ: ವಿಯೆಟ್ನಾಮಿಯರು ಇವನ್ನು ಯಾಕೆ ಬಿಟ್ಟು ಮಾತಾಡುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ವಿಯೆಟ್ನಾಮಿ ಕಲಿಯಲು ಶುರು ಮಾಡಿದ ಕನ್ನಡಿಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ವಿಯೆಟ್ನಾಮಿ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ದನಿಯ ಏರಿಳಿತ ನಮ್ಮ ಲಿಪಿಯಲ್ಲಿ ಬರುವುದಿಲ್ಲ. ಉಚ್ಚಾರವೂ ಹನೋಯ್ ಕಡೆ ಒಂದು ತರ, ಸೈಗಾನ್ ಕಡೆ ಇನ್ನೊಂದು ತರ. ಹಾಗಾಗಿ ಇಲ್ಲಿನ ಬರವಣಿಗೆಯನ್ನು ಅಂದಾಜು ಅಂತ ಇಟ್ಟುಕೊಳ್ಳಿ. ಪರದೆಯ ಮೇಲೆ ಹುಡುಕುವಾಗ ಬೇಕಾಗುವ ರೂಪಗಳು ಇವು: ಡಾ đã, ಡಾಂಗ್ đang, ಸೆ sẽ, ರೋಯ್ rồi, ಚುವ chưa.

ಈ ಮೂರು ಪದಗಳು ಏನು? ವಾಕ್ಯದಲ್ಲಿ ಎಲ್ಲಿ ಬರುತ್ತವೆ?

ವಿಯೆಟ್ನಾಮಿ ಕ್ರಿಯಾಪದ ರೂಪ ಬದಲಿಸುವುದಿಲ್ಲ. 'ಡಿ' ಅಂದರೆ 'ಹೋಗು'. ನಾನು ಹೋದರೂ ಡಿ, ಅವರು ಹೋದರೂ ಡಿ, ನಿನ್ನೆಯೂ ಡಿ, ನಾಳೆಯೂ ಡಿ. ನಮ್ಮಲ್ಲಿ ಹೋದೆ, ಹೋದಳು, ಹೋಗುತ್ತೀವಿ ಅಂತ ಬಾಲ ಬದಲಾಗುತ್ತದಲ್ವಾ, ಅಂಥದ್ದು ಅಲ್ಲಿ ಒಂದೂ ಇಲ್ಲ.

ಡಾ, ಡಾಂಗ್, ಸೆ ಈ ಮೂರೂ ಕ್ರಿಯಾಪದಕ್ಕಿಂತ ಮೊದಲು ಬಂದು ನಿಲ್ಲುವ ಪುಟ್ಟ ಪದಗಳು. ಹೊಸಬರ ಪುಸ್ತಕಗಳು ಇವನ್ನು ಒಂದು ಪಟ್ಟಿಯಲ್ಲಿ ಕೂರಿಸುತ್ತವೆ: ಡಾ ಭೂತಕಾಲ, ಡಾಂಗ್ ವರ್ತಮಾನ, ಸೆ ಭವಿಷ್ಯತ್ಕಾಲ. ಮೊದಲ ವಾರಕ್ಕೆ ಈ ಪಟ್ಟಿ ಅನುಕೂಲ. ಆಮೇಲೆ ತೊಂದರೆ ಕೊಡುವುದೂ ಇದೇ ಪಟ್ಟಿ. ಕನ್ನಡದಲ್ಲಿ ಕಾಲ ಹೇಳದೆ ಕ್ರಿಯಾಪದ ಮುಗಿಯುವುದೇ ಇಲ್ಲ. ಅದಕ್ಕೆ ನಾವು ಅಲ್ಲೂ ಪ್ರತಿ ಕ್ರಿಯಾಪದಕ್ಕೂ ಒಂದೊಂದು ಪದ ಅಂಟಿಸುತ್ತಾ ಹೋಗುತ್ತೇವೆ.

ಹಾಗಾದರೆ ಡಾ ಅಂದರೆ ಭೂತಕಾಲ ಅಲ್ವಾ?

ಅಲ್ಲ. ಬಹಳ ಸಲ ಹಳೆಯ ಸಂಗತಿಯ ಜೊತೆಗೇ ಬರುತ್ತದೆ ಅನ್ನುವುದು ನಿಜ. ಆದರೆ ಅದು ಹೇಳುವುದು 'ಹಿಂದೆ ನಡೆಯಿತು' ಅಂತಲ್ಲ. 'ನಾವು ಮಾತಾಡುತ್ತಿರುವ ಹೊತ್ತಿಗೆ ಇದು ಆಗಿ ಹೋಗಿದೆ' ಅಂತ. ಆ ಹೊತ್ತು ನಿನ್ನೆ ಇರಬಹುದು, ಈಗ ಇರಬಹುದು, ನಾಳೆಯೂ ಇರಬಹುದು. ಕನ್ನಡದ 'ಆಗಲೇ' ಅನ್ನುವ ಪದ ಇದಕ್ಕೆ ತುಂಬಾ ಹತ್ತಿರ.

ಮೂರು ಉದಾಹರಣೆ ನೋಡೋಣ.

ಬೆಳಗಾಗುವ ಹೊತ್ತಲ್ಲಿ ಕಿಟಕಿ ತೆಗೆದು ವಿಯೆಟ್ನಾಮಿಯೊಬ್ಬರು 'ತ್ರೊಯ್ ಡಾ ಸಾಂಗ್' ಅನ್ನುತ್ತಾರೆ. ತ್ರೊಯ್ ಆಕಾಶ, ಸಾಂಗ್ ಬೆಳಕು. ಇದನ್ನು 'ಬೆಳಕಿತ್ತು' ಅಂತ ಓದಿದರೆ ಅರ್ಥ ಕೆಡುತ್ತದೆ. ಅವರು ಹೇಳುತ್ತಿರುವುದು 'ಆಗಲೇ ಬೆಳಕಾಯ್ತು' ಅಂತ. ಬೆಳಕು ಈಗ, ಕಣ್ಣೆದುರಿಗೇ ಇದೆ.

ಎರಡನೆಯದು ನಾಳೆಯ ಮಾತು. 'ನಾಳೆ ಇಷ್ಟೊತ್ತಿಗೆ ನಾನು ಡಾ ಸೈಗಾನ್‌ನಲ್ಲಿ ಇರು ರೋಯ್' ಅನ್ನುವ ರಚನೆಯ ವಾಕ್ಯ ವಿಯೆಟ್ನಾಮಿಯಲ್ಲಿ ಪೂರ್ತಿ ಸರಿ. ಕೊನೆಯ ರೋಯ್ ಅಂದರೆ 'ಆಯ್ತು'. ನಾಳೆ ಇಷ್ಟೊತ್ತಿಗೆ ನಾನು ಸೈಗಾನ್ ಸೇರಿ ಆಗಿರುತ್ತದೆ ಅಂತ ಅರ್ಥ. ಡಾ ಭೂತಕಾಲವೇ ಆಗಿದ್ದರೆ 'ನಾಳೆ' ಜೊತೆ ಹೇಗೆ ಬರುತ್ತಿತ್ತು?

ಮೂರನೆಯದರಲ್ಲಿ ಕಲಿಯುವವರು ನಿಜವಾಗಿ ಸಿಕ್ಕಿಬೀಳುತ್ತಾರೆ. 'ಚಿಕ್ಕ ವಯಸ್ಸಲ್ಲಿ ಅವಳು ತುಂಬಾ ಚೆಂದ ಇದ್ದಳು' ಅಂತ ಹೇಳಬೇಕು. 'ಇದ್ದಳು' ಬಂತಲ್ಲ, ಸರಿ, ಡಾ ಹಾಕೋಣ ಅನಿಸುತ್ತದೆ. ಹಾಕಿದರೆ ಕೇಳುವವರಿಗೆ ಬೇರೆ ಅರ್ಥ ಹೋಗುತ್ತದೆ: 'ಚಿಕ್ಕ ವಯಸ್ಸಲ್ಲೇ ಅವಳು ಆಗಲೇ ಚೆಂದ ಇದ್ದಳು', ಅಂದರೆ ದೊಡ್ಡವಳಾಗುವ ತನಕ ಕಾಯಬೇಕಾಗಿರಲಿಲ್ಲ ಅಂತ. ಸಾದಾ ಅರ್ಥ ಬೇಕಿದ್ದರೆ ಡಾ ಬೇಡವೇ ಬೇಡ. 'ಚಿಕ್ಕ ವಯಸ್ಸಲ್ಲಿ' ಅನ್ನುವ ಮಾತೇ ಸಾಕು. 'ಆಗ ನಾನು ಬಡವ' ಅನ್ನುವುದಕ್ಕೂ ಇದೇ ಲೆಕ್ಕ. ಡಾ ಸೇರಿಸಿದರೆ 'ಆ ಹೊತ್ತಿಗಾಗಲೇ ಬಡವನಾಗಿದ್ದೆ' ಅಂತಾಗುತ್ತದೆ.

ವಯಸ್ಸಿನ ಜೊತೆಗೂ ಹೀಗೇ. 'ಅವನು ಡಾ 30 ವರ್ಷ' ಅಂದರೆ ಅವನಿಗೆ 30 ವರ್ಷ ಇತ್ತು ಅಂತಲ್ಲ, ಆಗಲೇ 30 ಆಯ್ತು ಅಂತ. ಮದುವೆ ಮಾಡುವ ಯೋಚನೆಯಲ್ಲಿರುವ ಅಮ್ಮಂದಿರ ಬಾಯಲ್ಲಿ ಈ ವಾಕ್ಯ ಕೇಳಬೇಕು.

'ನಿನ್ನೆ ನಾನು ಮಾರ್ಕೆಟ್‌ಗೆ ಹೋದೆ' ಅನ್ನುವುದಕ್ಕೆ ಡಾ ಹಾಕಿದರೆ ತಪ್ಪಾ?

ವ್ಯಾಕರಣದ ಲೆಕ್ಕದಲ್ಲಿ ತಪ್ಪಲ್ಲ. ಮಾತಿನ ಲೆಕ್ಕದಲ್ಲಿ ಸ್ವಲ್ಪ ಭಾರ. ಸಹಜವಾದ ವಾಕ್ಯ 'ಹೋಮ್ ಕ್ವಾ ತೋಯ್ ಡಿ ಚೊ', ಪದಕ್ಕೆ ಪದ ಹೇಳಿದರೆ 'ನಿನ್ನೆ ನಾನು ಹೋಗು ಮಾರ್ಕೆಟ್'. 'ಹೋಮ್ ಕ್ವಾ' ಅಂದ ಕೂಡಲೇ ಕಾಲದ ವಿಷಯ ಮುಗಿಯಿತು. ಅದನ್ನೇ ಇನ್ನೊಂದು ಸಲ ಹೇಳುವ ಅಗತ್ಯ ಅವರಿಗೆ ಕಾಣುವುದಿಲ್ಲ.

ಅಗತ್ಯವಿಲ್ಲದ ಕಡೆ ಡಾ ಬಂದರೆ ಕೇಳುವವರು ಅದಕ್ಕೊಂದು ಕಾರಣ ಹುಡುಕುತ್ತಾರೆ. 'ಹೋಮ್ ಕ್ವಾ ತೋಯ್ ಡಾ ಡಿ ಚೊ' ಅಂದರೆ, ಯಾರೋ 'ನೀನು ಹೋಗಲೇ ಇಲ್ಲ' ಅಂದಿದ್ದಕ್ಕೆ ಉತ್ತರ ಕೊಟ್ಟ ಹಾಗೆ ಕೇಳಬಹುದು. ನಾವು 'ನಿನ್ನೆ ಹೋಗಿದ್ನಲ್ಲ!' ಅಂತ ದನಿ ಏರಿಸಿ ಹೇಳುತ್ತೇವಲ್ಲ, ಆ ಧಾಟಿ. ಇಲ್ಲದಿದ್ದರೆ ಅನುವಾದ ಮಾಡಿದ ಪುಸ್ತಕ ಓದಿದ ಹಾಗೆ ಕೇಳುತ್ತದೆ. ವಿದೇಶಿಯರು ಹೀಗೆ ಮಾತಾಡುವುದನ್ನು ಅವರು ದಿನಾ ಕೇಳುತ್ತಾರೆ. ಅರ್ಥ ಮಾಡಿಕೊಳ್ಳುತ್ತಾರೆ, ತಿದ್ದುವುದಿಲ್ಲ. ತೊಂದರೆ ಇರುವುದೇ ಅಲ್ಲಿ: ತಿದ್ದದ ಕಾರಣ ಆ ಅಭ್ಯಾಸ ವರ್ಷಗಟ್ಟಲೆ ಉಳಿದುಬಿಡುತ್ತದೆ.

'ನಿನ್ನೆ', 'ನಾಳೆ' ಅಂತ ಯಾವ ಪದವೂ ಇಲ್ಲದಿದ್ದರೆ ಕಾಲ ಹೇಗೆ ಗೊತ್ತಾಗುತ್ತದೆ?

ಮೊದಲನೆಯದಾಗಿ, ಮಾತಿನ ಸಂದರ್ಭದಿಂದ. ಹಿಂದಿನ ವಾಕ್ಯ ಯಾವ ಕಾಲದಲ್ಲಿತ್ತೋ ಮುಂದಿನದೂ ಅದೇ ಕಾಲದ್ದು, ಬದಲಾಯಿಸುವ ತನಕ. ಕಥೆ ಶುರುವಿನಲ್ಲಿ ಒಂದು ಸಲ 'ಹೋದ ವರ್ಷ' ಅಂದರೆ ಸಾಕು, ಅರ್ಧ ಗಂಟೆ ಕಥೆ ಅದರಲ್ಲೇ ನಡೆಯುತ್ತದೆ.

ಎರಡನೆಯದಾಗಿ, ಕ್ರಿಯಾಪದ ಯಾವ ಜಾತಿಯದು ಅನ್ನುವುದರಿಂದ. ಇಷ್ಟ, ಗೊತ್ತು, ಇದೆ, ಬೇಕು ಅನ್ನುವಂಥ ಸ್ಥಿತಿಯ ಪದಗಳು ಸುಮ್ನೆ ಬಂದರೆ ಈಗಿನದು ಅಂತ ತಿಳಿಯುತ್ತಾರೆ. ಮುರಿ, ಸಿಕ್ಕು, ತಲುಪು ಅನ್ನುವಂಥ ಒಂದೇ ಗಳಿಗೆಯಲ್ಲಿ ಮುಗಿಯುವ ಕೆಲಸಗಳು ಸುಮ್ನೆ ಬಂದರೆ ಆಗಿಹೋಗಿದ್ದು ಅಂತ ತಿಳಿಯುತ್ತಾರೆ. 'ನನಗೆ ಕೀಲಿಕೈ ಸಿಕ್ಕು' ಅಂದರೆ ಸಿಕ್ಕಿದೆ ಅಂತಲೇ. ಸಿಗುವ ಮೊದಲೇ ಯಾರೂ ಹಾಗೆ ಹೇಳುವುದಿಲ್ಲವಲ್ಲ.

ಮೂರನೆಯದು ನನಗೆ ತುಂಬಾ ಇಷ್ಟವಾದದ್ದು: ಪದಗಳ ಕ್ರಮ. 'ಬಾವ್ ಜೊ' ಅಂದರೆ 'ಯಾವಾಗ'. 'ಆಞ್' ಅಂದರೆ ಅಣ್ಣ. ತನಗಿಂತ ಸ್ವಲ್ಪ ದೊಡ್ಡ ಗಂಡಸನ್ನು 'ನೀವು' ಅನ್ನುವ ಜಾಗದಲ್ಲಿ ಹೀಗೆ ಕರೆಯುತ್ತಾರೆ. 'ವೇ' ಅಂದರೆ ಮನೆಗೆ ಅಥವಾ ಊರಿಗೆ ಮರಳುವುದು. ಈಗ ಎರಡು ವಾಕ್ಯ ನೋಡಿ:

'ಬಾವ್ ಜೊ ಆಞ್ ವೇ?' ಅಂದರೆ ನೀವು ಯಾವಾಗ ಮರಳುತ್ತೀರಿ?

'ಆಞ್ ವೇ ಬಾವ್ ಜೊ?' ಅಂದರೆ ನೀವು ಯಾವಾಗ ಮರಳಿದಿರಿ?

ಪದಗಳು ಅವೇ. ಕಾಲದ ಪದ ಒಂದೂ ಇಲ್ಲ. ಆದರೂ ಒಂದು ಮುಂದಿನದು, ಇನ್ನೊಂದು ಆಗಿಹೋದದ್ದು. 'ಯಾವಾಗ' ವಾಕ್ಯದ ಮೊದಲಿಗೆ ಬಂದರೆ ಮುಂದಿನ ಮಾತು, ಕೊನೆಗೆ ಹೋದರೆ ಹಿಂದಿನ ಮಾತು. 'ಖಿ ನಾವ್' ಅಂತ 'ಯಾವಾಗ'ಕ್ಕೆ ಇನ್ನೊಂದು ಪದ ಇದೆ, ಅದೂ ಹೀಗೇ ನಡೆಯುತ್ತದೆ. ದಕ್ಷಿಣದವರು ಒಂದು ಹೆಜ್ಜೆ ಮುಂದೆ ಹೋಗಿ ಬೇರೆ ಪದಗಳನ್ನೇ ಇಟ್ಟುಕೊಂಡಿದ್ದಾರೆ: ಮುಂದಿನದಕ್ಕೆ 'ಚುಂಗ್ ನಾವ್', ಹಿಂದಿನದಕ್ಕೆ 'ಹೋಯ್ ನಾವ್'. ಇಷ್ಟೆಲ್ಲ ಇರುವಾಗ ಡಾ, ಸೆ ಯಾಕೆ ಬೇಕು ಹೇಳಿ.

ಕನ್ನಡದವರು ಇಲ್ಲಿ ಎಡವುವುದಕ್ಕೆ ಕಾರಣ ಇದೆ. ನಮ್ಮಲ್ಲಿ 'ಯಾವಾಗ ಬಂದ್ರಿ', 'ಬಂದ್ರಿ ಯಾವಾಗ' ಎರಡೂ ಒಂದೇ ಅರ್ಥ. ಕಾಲವನ್ನು ಬಾಲ ನೋಡಿಕೊಳ್ಳುವುದರಿಂದ ಪದಗಳನ್ನು ಹೇಗೆ ಬೇಕಾದರೂ ಜೋಡಿಸಬಹುದು. ಅದೇ ಧೈರ್ಯದಲ್ಲಿ ಅಲ್ಲಿ ಹೋಗಿ, ನಿನ್ನೆಯೇ ಊರಿಂದ ಬಂದಿರುವವರನ್ನು 'ಬಾವ್ ಜೊ ಆಞ್ ವೇ?' ಅಂತ ಕೇಳಿದರೆ, 'ನೀವು ಯಾವಾಗ ವಾಪಸ್ ಹೋಗ್ತೀರಿ?' ಅಂತ ಕೇಳಿದ ಹಾಗಾಗುತ್ತದೆ. ಬಂದ ನೆಂಟರಿಗೆ ಕೇಳುವ ಪ್ರಶ್ನೆ ಅದಲ್ಲ.

ಒಂದು ಪೂರ್ತಿ ಕಥೆಯಲ್ಲಿ ಇವು ಎಲ್ಲಿ ಬರುತ್ತವೆ, ಎಲ್ಲಿ ಬರುವುದಿಲ್ಲ? ತೋರಿಸುತ್ತೀರಾ?

ಪುಟ್ಟ ಕಥೆಯೊಂದನ್ನು ವಿಯೆಟ್ನಾಮಿಯರು ಹೇಳುವ ಹಾಗೆ ಬರೆಯುತ್ತೇನೆ. ಕ್ರಿಯಾಪದಗಳನ್ನು ಕನ್ನಡದ ಮೂಲ ರೂಪದಲ್ಲೇ ಇಡುತ್ತೇನೆ. ಓದುವುದಕ್ಕೆ ವಿಚಿತ್ರ ಅನಿಸುತ್ತದೆ, ಆದರೆ ಭಾಷೆಯ ನಡೆ ಹಾಗೇ ಇದೆ.

'ನಿನ್ನೆ ಬೆಳಗ್ಗೆ ನಾನು ಬೇಗ ಏಳು, ಮಾರ್ಕೆಟ್‌ಗೆ ಹೋಗು, ಮೀನು ಕೊಳ್ಳು. ಮನೆ ತಲುಪು, ಆಗ ಅಮ್ಮ ಡಾಂಗ್ ಅಡುಗೆ ಮಾಡು. ಅಪ್ಪನನ್ನು ಕೂಗು, ಯಾರೂ ಉತ್ತರ ಕೊಡು ಇಲ್ಲ. ನೋಡಿದರೆ ಅಪ್ಪ ಡಾ ಕೆಲಸಕ್ಕೆ ಹೋಗು ರೋಯ್. ಅಮ್ಮ ಹೇಳು, ಸಂಜೆ ಅಪ್ಪ ಬೇಗ ಬರು.'

ಏಳು, ಹೋಗು, ಕೊಳ್ಳು, ತಲುಪು, ಕೂಗು, ಹೇಳು, ಇವೆಲ್ಲ ಒಂದರ ಹಿಂದೆ ಒಂದು ನಡೆದ ಕೆಲಸಗಳು. 'ನಿನ್ನೆ ಬೆಳಗ್ಗೆ' ಅವುಗಳನ್ನು ಹೊತ್ತುಕೊಂಡಿದೆ. ಇಲ್ಲಿ ಪ್ರತಿಯೊಂದಕ್ಕೂ ಡಾ ಹಾಕಿದರೆ ಕಥೆ ಕುಂಟುತ್ತದೆ. ಪ್ರತಿ ಹೆಜ್ಜೆಯೂ 'ಆಗಲೇ ಎದ್ದಾಗಿತ್ತು, ಆಗಲೇ ಹೋಗಿ ಆಗಿತ್ತು' ಅಂತ ಹಿಂದಕ್ಕೆ ಜಗ್ಗುತ್ತದೆ. ಕಥೆ ಮುಂದಕ್ಕೆ ಸಾಗಬೇಕಿದ್ದರೆ ಕ್ರಿಯಾಪದ ಬರಿದಾಗಿರಬೇಕು.

ಡಾಂಗ್ ಯಾಕೆ ಉಳಿಯಿತು? ನಾನು ಮನೆ ತಲುಪುವ ಮೊದಲೇ ಅಮ್ಮನ ಅಡುಗೆ ಶುರುವಾಗಿತ್ತು, ಇನ್ನೂ ಮುಗಿದಿರಲಿಲ್ಲ. ಡಾಂಗ್ ತೆಗೆದು ನೋಡಿ: 'ಮನೆ ತಲುಪು, ಆಗ ಅಮ್ಮ ಅಡುಗೆ ಮಾಡು'. ನಾನು ಬಂದ ಮೇಲೆ ಅಮ್ಮ ಒಲೆ ಹಚ್ಚಿದರು ಅಂತಾಯಿತು. ಸಂಗತಿಯೇ ಬದಲಾಯಿತು. ಇಲ್ಲಿ ಡಾಂಗ್ ಬಿಡುವ ಹಾಗಿಲ್ಲ. ಅದು ಬಂದಿರುವುದು ನಿನ್ನೆಯ ಕಥೆಯಲ್ಲಿ ಅನ್ನುವುದನ್ನೂ ಗಮನಿಸಿ. ಡಾಂಗ್ ಅಂದರೆ 'ಈಗ' ಅಂತಲ್ಲ.

ಡಾ ಯಾಕೆ ಬಂತು? ಅಪ್ಪ ಹೊರಟದ್ದು ನಾನು ಕೂಗುವುದಕ್ಕಿಂತ ಮುಂಚೆ. ಕಥೆಯ ಸಾಲಿನಿಂದ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಹೇಳಬೇಕಾಗಿದೆ. ಆದರೆ ಈ ವಾಕ್ಯದಲ್ಲಿ ರೋಯ್ ಕೂಡ ಇದೆ. ಡಾ ತೆಗೆದು ರೋಯ್ ಒಂದನ್ನೇ ಬಿಟ್ಟರೂ ಅರ್ಥ ಕೆಡುವುದಿಲ್ಲ. ಮನೆ ಮಾತಿನಲ್ಲಿ ಜಾಸ್ತಿ ಜನ ಹಾಗೇ ಹೇಳುತ್ತಾರೆ. ಎರಡನ್ನೂ ತೆಗೆದರೆ 'ನೋಡಿದರೆ ಅಪ್ಪ ಕೆಲಸಕ್ಕೆ ಹೋಗು' ಅಂತ ಉಳಿಯುತ್ತದೆ. ಆಗ ಹೊರಟು ಆಗಿತ್ತೋ, ಹೊರಡುತ್ತಿದ್ದರೋ ತಿಳಿಯುವುದಿಲ್ಲ.

ಕೊನೆಯ ವಾಕ್ಯದಲ್ಲಿ 'ಬರು' ಮುಂದೆ ಸೆ ಹಾಕಬಹುದು, ಬಿಡಬಹುದು. 'ಸಂಜೆ' ಇದೆಯಲ್ಲ. ಸೆ ಹಾಕಿದರೆ ಅಮ್ಮ ಭರವಸೆ ಕೊಟ್ಟ ಹಾಗೆ ಸ್ವಲ್ಪ ಗಟ್ಟಿಯಾಗಿ ಕೇಳುತ್ತದೆ.

ರೋಯ್ ಮತ್ತು ಡಾ ನಡುವೆ ಏನು ವ್ಯತ್ಯಾಸ?

ಡಾ ಕ್ರಿಯಾಪದದ ಮುಂದೆ, ರೋಯ್ ವಾಕ್ಯದ ಕೊನೆಗೆ. ಮಾತಿನಲ್ಲಿ ರೋಯ್ ಜಾಸ್ತಿ ಓಡಾಡುತ್ತದೆ. ನಮ್ಮ 'ಆಯ್ತು' ಇದ್ದ ಹಾಗೆ ಒಂಟಿಯಾಗಿಯೂ ನಿಲ್ಲುತ್ತದೆ. 'ಅನ್ ಕಮ್ ಚುವ?' ಅಂದರೆ 'ಊಟ ಆಯ್ತಾ?'. ನಮ್ಮಲ್ಲಿ ಮಾತು ಶುರು ಮಾಡುವುದಕ್ಕೆ ಹೇಗೋ, ಅಲ್ಲೂ ಹಾಗೇ ಇದನ್ನು ಕೇಳುತ್ತಾರೆ. ಉತ್ತರ 'ರೋಯ್', ಆಯ್ತು. ಇಲ್ಲವಾದರೆ 'ಚುವ', ಇನ್ನೂ ಇಲ್ಲ. ಈ ಪ್ರಶ್ನೆಗೆ ಬರೀ 'ಡಾ' ಅಂತ ಉತ್ತರ ಕೊಡುವುದಕ್ಕೆ ಆಗುವುದಿಲ್ಲ.

ಡಾ ಕಲಿಯುವ ಮೊದಲು ರೋಯ್ ಕಲಿಯಿರಿ ಅನ್ನುವುದು ನನ್ನ ಸಲಹೆ. ಮನೆ ಮಾತಿಗೆ ಬೇಕಾದ 'ಆಗಿದೆ' ಅನ್ನುವ ಕೆಲಸವನ್ನು ಬಹುಪಾಲು ಅದೇ ಮಾಡುತ್ತದೆ. ಪುಸ್ತಕಗಳು ತಿರುಗುಮುರುಗು ಮಾಡಿಟ್ಟಿವೆ.

'ಈಗಷ್ಟೇ' ಅನ್ನಬೇಕಿದ್ದರೆ ಡಾ ಕೂಡ ಬೇಡ. 'ವುವ' ಅಥವಾ 'ಮೊಯ್' ಅನ್ನುವ ಪದಗಳಿವೆ, ಅವೂ ಕ್ರಿಯಾಪದದ ಮುಂದೆ ಬರುತ್ತವೆ.

'ಹೋಗಲಿಲ್ಲ' ಅನ್ನುವುದಕ್ಕೆ 'ಡಾ' ಜೊತೆ 'ಇಲ್ಲ' ಸೇರಿಸಬೇಕಾ?

ಬೇಡ. 'ಖೋಂಗ್' ಅಂದರೆ ಇಲ್ಲ. 'ನಿನ್ನೆ ನಾನು ಖೋಂಗ್ ಹೋಗು' ಅಷ್ಟೇ ಸಾಕು. 'ಡಾ ಖೋಂಗ್ ಹೋಗು' ಅನ್ನುವುದೂ ಇದೆ. ಅದು ಬರವಣಿಗೆಯಲ್ಲಿ, ಅದೂ 'ಹೋಗಬೇಕಿತ್ತು, ಆದರೂ ಹೋಗಲಿಲ್ಲ' ಅನ್ನುವ ಒತ್ತಿನ ಜೊತೆ ಬರುತ್ತದೆ. ದಿನದ ಮಾತಿಗೆ ಅದನ್ನು ಎಳೆದು ತರಬೇಡಿ.

ಇಲ್ಲಿ ನಿಜವಾಗಿ ಆರಿಸಬೇಕಾದ್ದು ಖೋಂಗ್ ಮತ್ತು ಚುವ ನಡುವೆ. ಖೋಂಗ್ ಅಂದರೆ ಇಲ್ಲ, ಮುಗಿಯಿತು. ಚುವ ಅಂದರೆ ಇನ್ನೂ ಇಲ್ಲ, ಆಗುವುದು ಬಾಕಿ ಇದೆ. 'ಮದುವೆ ಆಗಿದೆಯಾ?' ಅಂತ ಟ್ಯಾಕ್ಸಿ ಓಡಿಸುವವರಿಂದ ಹಿಡಿದು ಅಂಗಡಿ ಅಕ್ಕನ ತನಕ ಎಲ್ಲರೂ ಕೇಳುತ್ತಾರೆ. ಇದರಲ್ಲಿ ಕೆಟ್ಟ ಕುತೂಹಲ ಏನೂ ಇಲ್ಲ. ನಿಮ್ಮ ವಯಸ್ಸು, ಸಂಸಾರ ಗೊತ್ತಾದರೆ ನಿಮ್ಮನ್ನು ಏನಂತ ಕರೆಯಬೇಕು ಅನ್ನುವುದು ಅವರಿಗೆ ಸಲೀಸಾಗುತ್ತದೆ. ಆಗಿಲ್ಲದಿದ್ದರೆ 'ಚುವ' ಅನ್ನಿ. ನಿಮಗೆ 60 ವರ್ಷ ಆಗಿದ್ದರೂ ಅದೇ ಸಹಜ ಉತ್ತರ. 'ಖೋಂಗ್' ಅಂದರೆ ಮದುವೆಯ ಮಾತೇ ಬೇಡ ಅಂತ ಬಾಗಿಲು ಹಾಕಿದ ಹಾಗೆ ಕೇಳುತ್ತದೆ.

ಡಾಂಗ್ ಅಂದರೆ ನಮ್ಮ 'ಮಾಡ್ತಾ ಇದ್ದೀನಿ' ಅಲ್ವಾ? ಅದನ್ನೂ ಬಿಡುತ್ತಾರಾ?

ಹೆಚ್ಚುಕಡಿಮೆ ಅದೇ. ಬಿಡುವುದೂ ಉಂಟು. ಫೋನಿನಲ್ಲಿ 'ಆಞ್ ಲಾಮ್ ಜಿ ಡೇ?' ಅಂತ ಕೇಳುತ್ತಾರೆ, 'ಏನ್ ಮಾಡ್ತಾ ಇದ್ದೀರಿ?'. ಇದರಲ್ಲಿ ಡಾಂಗ್ ಇಲ್ಲ. ಕೊನೆಯ 'ಡೇ' ಅನ್ನುವ ಪುಟ್ಟ ಪದ 'ಅಲ್ಲಿ, ಈಗ' ಅನ್ನುವುದನ್ನು ತಂದುಕೊಡುತ್ತದೆ. ಆದರೆ 'ಡೇ' ಕೂಡ ಇಲ್ಲದೆ 'ಆಞ್ ಲಾಮ್ ಜಿ?' ಅಂದರೆ 'ನೀವು ಏನು ಕೆಲಸ ಮಾಡ್ಕೊಂಡಿದ್ದೀರಿ?' ಅಂತ ಉದ್ಯೋಗ ಕೇಳಿದ ಹಾಗೂ ಆಗಬಹುದು. ಉತ್ತರ ಕೊಡುವಾಗ 'ಅನ್ ಕಮ್' ಅಂದರೆ ಸಾಕು. ಊಟ ಮಾಡ್ತಾ ಇದ್ದೀನಿ ಅಂತ ತಿಳಿಯುತ್ತದೆ.

ಡಾಂಗ್‌ನಲ್ಲಿ 'ಸದ್ಯಕ್ಕೆ' ಅನ್ನುವ ಛಾಯೆ ಇದೆ. 'ನಾನು ಹನೋಯ್‌ನಲ್ಲಿ ವಾಸಿಸು' ಅಂದರೆ ಹನೋಯ್‌ನವನು ಅಂತ. 'ಡಾಂಗ್ ವಾಸಿಸು' ಅಂದರೆ ಸದ್ಯಕ್ಕೆ ಇಲ್ಲಿದ್ದೇನೆ, ಮುಂದೆ ಗೊತ್ತಿಲ್ಲ ಅಂತ. ಹಸಿವು, ಜ್ವರ, ಪ್ರೀತಿ ಇವುಗಳ ಜೊತೆಗೆ ಡಾಂಗ್ ಚೆನ್ನಾಗಿ ಕೂರುತ್ತದೆ, ಯಾಕೆಂದರೆ ಇವು ಬಂದು ಹೋಗುವಂಥವು. ಪ್ರೀತಿಯ ವಿಷಯ ಅವರವರಿಗೆ ಬಿಟ್ಟದ್ದು. 'ಗೊತ್ತು' ಅನ್ನುವ 'ಬಿಯೆತ್' ಜೊತೆ ಮಾತ್ರ ಅದು ಕೂರುವುದಿಲ್ಲ. ಒಂದು ಸಂಗತಿ ಗೊತ್ತಾದ ಮೇಲೆ ಗೊತ್ತಾದದ್ದೇ. ಸದ್ಯಕ್ಕೆ ಗೊತ್ತಿದೆ ಅನ್ನುವುದಕ್ಕೆ ಆಗುವುದಿಲ್ಲವಲ್ಲ.

ಸೆ ಬಿಡುವುದು ಯಾವಾಗ, ಹಾಕುವುದು ಯಾವಾಗ?

ಕನ್ನಡಿಗರಿಗೆ ಈ ಮೂರರಲ್ಲಿ ಸುಲಭವಾದದ್ದು ಇದು. ನಾವೂ 'ನಾಳೆ ಮೈಸೂರಿಗೆ ಹೋಗ್ತೀನಿ', 'ದಿನಾ ಮೈಸೂರಿಗೆ ಹೋಗ್ತೀನಿ' ಅಂತ ಒಂದೇ ರೂಪ ಬಳಸುತ್ತೇವೆ. 'ಹೋಗುವೆನು' ಪುಸ್ತಕದಲ್ಲಿ ಉಳಿದಿದೆ. ಮಾತಿನಲ್ಲಿ ಭವಿಷ್ಯವನ್ನು 'ನಾಳೆ' ನೋಡಿಕೊಳ್ಳುತ್ತದೆ. 'ಮಾಯ್ ತೋಯ್ ಡಿ ಹ್ವೇ', ನಾಳೆ ನಾನು ಹ್ವೇ ಊರಿಗೆ ಹೋಗು. ಟಿಕೆಟ್ ತೆಗೆದಾಗಿದೆ, ಗಟ್ಟಿಯಾದ ಕಾರ್ಯಕ್ರಮ, ಸೆ ಬೇಡ.

ಸೆ ಹಾಕಿದರೆ ಮಾತಿಗೆ ಮನಸ್ಸು ಸೇರುತ್ತದೆ: ಭರವಸೆ, ನಿರ್ಧಾರ ಅಥವಾ ಊಹೆ. 'ಮತ್ತೆ ಫೋನ್ ಮಾಡ್ತೀನಿ' ಅಂತ ಮಾತು ಕೊಡುವಾಗ ಸೆ ಬರುತ್ತದೆ. 'ಎಲ್ಲ ಸರಿ ಹೋಗುತ್ತೆ' ಅಂತ ಸಮಾಧಾನ ಹೇಳುವಾಗಲೂ ಬರುತ್ತದೆ.

ಬಿಡಲೇಬಾರದ ಜಾಗ ಸ್ಥಿತಿಯ ಪದಗಳ ಮುಂದೆ. 'ತೋಯ್ ನ್ಯೊ ಆಞ್' ಅಂದರೆ ನಿಮ್ಮ ನೆನಪಾಗುತ್ತಿದೆ. 'ತೋಯ್ ಸೆ ನ್ಯೊ ಆಞ್' ಅಂದರೆ ಹೋದ ಮೇಲೆ ನಿಮ್ಮ ನೆನಪಾಗುತ್ತೆ. ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವಾಗ ಬೇಕಾದ್ದು ಎರಡನೆಯದು. ಇಂಥ ಪದಗಳು ಬರಿದಾಗಿ ಬಂದರೆ ಈಗಿನದು ಅಂತಲೇ ಕೇಳುತ್ತವೆ ಅಂತ ಮೇಲೆ ಹೇಳಿದೆನಲ್ಲ, ಇಲ್ಲೂ ಕಾರಣ ಅದೇ.

'ಇನ್ನೇನು ಮಳೆ ಬರುತ್ತೆ' ಅನ್ನುವಾಗ ಸೆ ಅಲ್ಲ, 'ಸಪ್' ಬೇಕು: 'ಸಪ್ ಮುವ'. ಮೋಡ ಕಟ್ಟಿರುವಾಗ 'ಸೆ ಮುವ' ಅಂದರೆ ಹವಾಮಾನದ ಭವಿಷ್ಯ ಹೇಳಿದ ಹಾಗಿರುತ್ತದೆ. ತಮಾಷೆ ಅಂದರೆ, ಹವಾಮಾನ ವರದಿಯಲ್ಲೂ ಎಷ್ಟೋ ಸಲ ಸೆ ಇರುವುದಿಲ್ಲ. 'ಸಂಜೆ ಮಳೆ ಇದೆ' ಅನ್ನುವ ಧಾಟಿಯಲ್ಲೇ ಬರೆಯುತ್ತಾರೆ.

ಆದರೆ ಪತ್ರಿಕೆಗಳಲ್ಲಿ, ಸರ್ಕಾರಿ ಭಾಷಣಗಳಲ್ಲಿ ಡಾ, ಸೆ ತುಂಬಾ ಕಾಣುತ್ತವಲ್ಲ?

ಕಾಣುತ್ತವೆ. ಬರವಣಿಗೆಯಲ್ಲಿ ಓದುವವರು ಎದುರಿಗೆ ಇರುವುದಿಲ್ಲ. ಅನುಮಾನಕ್ಕೆ ಜಾಗ ಕೊಡಬಾರದು ಅಂತ ಬರೆಯುವವರು ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. ಫ್ರೆಂಚ್, ಇಂಗ್ಲಿಷ್‌ನಿಂದ ಅನುವಾದ ಮಾಡಿದ್ದರಲ್ಲಂತೂ ಮೂಲದ ಪ್ರತಿ ಭೂತಕಾಲಕ್ಕೂ ಒಂದು ಡಾ ಬಿದ್ದಿರುತ್ತದೆ. ಭಾಷಣಗಳಲ್ಲಿ 'ಡಾ, ಡಾಂಗ್ ವಾ ಸೆ' ಅಂತ ಮೂರನ್ನೂ ಒಟ್ಟಿಗೆ ಕೇಳಬಹುದು: ಮಾಡಿದ್ದೇವೆ, ಮಾಡುತ್ತಿದ್ದೇವೆ, ಮಾಡುತ್ತೇವೆ. ನಮ್ಮ ರಾಜಕಾರಣಿಗಳಿಗೂ ಗೊತ್ತಿರುವ ರಾಗವೇ ಅದು.

ಹಾಗಂತ ಬರವಣಿಗೆಗೆಲ್ಲ ಡಾ ಬೇಕೇಬೇಕು ಅಂತಲೂ ಇಲ್ಲ. 1945ರ ಸೆಪ್ಟೆಂಬರ್ 2ರಂದು ಹೋ ಚಿ ಮಿನ್ ಹನೋಯ್‌ನ ಬಾ ಡಿಞ್ ಚೌಕದಲ್ಲಿ ಸ್ವಾತಂತ್ರ್ಯ ಘೋಷಣೆ ಓದಿದರು. ಈ ಸಂಗತಿಯನ್ನು ವಿಯೆಟ್ನಾಮಿಯಲ್ಲಿ ಬರೆಯುವಾಗ ತಾರೀಖು ಮೊದಲಿಗೆ ಬರುತ್ತದೆ, 'ಓದು' ಬರಿದಾಗಿ ನಿಲ್ಲುತ್ತದೆ. ಇತಿಹಾಸದ ಘಟನೆಗಳನ್ನು ಇಸವಿ ಹಾಕಿ ಒಂದೊಂದಾಗಿ ಬರೆಯುವಾಗ ಇದೇ ರೂಢಿ.

ಕಾಲದ ಪದಗಳೇ ಅಲ್ಲ ಅನ್ನುವುದಾದರೆ ಭಾಷಾ ಪಂಡಿತರು ಇವನ್ನು ಏನನ್ನುತ್ತಾರೆ?

ಹಳೆಯ ವ್ಯಾಕರಣಗಳು ಯುರೋಪಿನ ಭಾಷೆಗಳ ಅಚ್ಚಿನಲ್ಲಿ ಬಂದವು. ಅಲ್ಲಿ ಮೂರು ಕಾಲ ಇದ್ದವು, ಇಲ್ಲೂ ಮೂರು ಸಿಕ್ಕಿದವು. ಈ ಅಚ್ಚನ್ನು ಜೋರಾಗಿ ಪ್ರಶ್ನಿಸಿದವರಲ್ಲಿ ವಿಯೆಟ್ನಾಮಿನ ಭಾಷಾ ವಿದ್ವಾಂಸ ಕಾವ್ ಸ್ವಾನ್ ಹಾವ್ ಮುಖ್ಯರು. ವಿಯೆಟ್ನಾಮಿಗೆ ವ್ಯಾಕರಣದ ಕಾಲ ಅನ್ನುವುದೇ ಇಲ್ಲ, ಡಾ ಹೇಳುವುದು ಕೆಲಸ ಆಗಿ ಮುಗಿದಿದೆಯೇ ಅನ್ನುವುದನ್ನು, ಯಾವ ಕಾಲದಲ್ಲಿ ಅನ್ನುವುದನ್ನಲ್ಲ ಅಂತ ಅವರು ವಾದಿಸಿದರು. ಎಲ್ಲರೂ ಇದನ್ನು ಪೂರ್ತಿ ಒಪ್ಪಿಲ್ಲ. ಸೆ ವಿಷಯದಲ್ಲಿ ಚರ್ಚೆ ಜಾಸ್ತಿ. ಕಲಿಯುವವರಿಗೆ ಮಾತ್ರ ಹಾವ್ ಅವರ ದಾರಿ ಹೆಚ್ಚು ಕೆಲಸಕ್ಕೆ ಬರುತ್ತದೆ ಅಂತ ನನ್ನ ಅಭಿಪ್ರಾಯ.

ನಮಗೂ ಇದು ತೀರಾ ಹೊಸದಲ್ಲ. ಹೊರಗಿನಿಂದ ಯಾರೋ ಕೂಗಿದರೆ ಒಳಗಿನಿಂದ 'ಬಂದೆ, ಬಂದೆ!' ಅನ್ನುತ್ತೇವೆ. ಇನ್ನೂ ಕುರ್ಚಿ ಬಿಟ್ಟು ಎದ್ದಿರುವುದಿಲ್ಲ.

ಹಾಕಲೋ ಬೇಡವೋ ಅಂತ ತೀರ್ಮಾನಿಸುವುದು ಹೇಗೆ?

ಮೊದಲು ಇಲ್ಲದೆ ಹೇಳಿ ನೋಡಿ. ಕೇಳುವವರು ತಪ್ಪು ತಿಳಿಯುವ ಸಾಧ್ಯತೆ ಇದ್ದರೆ ಮಾತ್ರ ಸೇರಿಸಿ. ಸ್ಥಿತಿಯ ಪದಕ್ಕೆ ಡಾ ಹಾಕುವ ಮೊದಲು ಕನ್ನಡದಲ್ಲಿ 'ಆಗಲೇ' ಸೇರಿಸಿ ಓದಿ. ಆ ಅರ್ಥ ನಿಮಗೆ ಬೇಡವಾದರೆ ಡಾ ಕೂಡ ಬೇಡ. ಎರಡು ಕೆಲಸ ಒಂದರೊಳಗೊಂದು ಸೇರಿಕೊಂಡಿದ್ದರೆ, ಊಟ ಮಾಡ್ತಾ ಇದ್ದಾಗ ಫೋನ್ ಬಂತು ಅನ್ನುವ ಹಾಗೆ, ಡಾಂಗ್ ಬಿಡಬೇಡಿ.

ವಾಕ್ಯದ ಕೊನೆಯಲ್ಲಿ ಡಾ ಕೇಳಿದೆ. ಅದು ಯಾವುದು?

ಅದು ಬೇರೆ ಕೆಲಸದ ಡಾ. 'ಅನ್ ಕಮ್ ಡಾ' ಅಂದರೆ 'ಮೊದಲು ಊಟ ಮಾಡೋಣ, ಆಮೇಲೆ ಮಿಕ್ಕಿದ್ದು'. 'ಸ್ವಲ್ಪ ಇರಿ, ಮೊದಲು ಇದು ಮುಗೀಲಿ' ಅನ್ನುವಾಗ ಕೊನೆಗೆ ಬರುವುದೂ ಇದೇ. ಇದನ್ನು ಬಿಡುವ ಹಾಗಿಲ್ಲ. ಬಿಟ್ಟರೆ 'ಮೊದಲು' ಅನ್ನುವುದೇ ಹೋಗುತ್ತದೆ. ದಕ್ಷಿಣದ ಕಡೆ ಬಿಸಿಲಲ್ಲಿ ತಣ್ಣನೆಯದೇನೋ ಕುಡಿದು 'ಡಾ ಕ್ವಾ!' ಅಂದರೆ 'ಆಹಾ, ಎಷ್ಟು ಹಿತವಾಯ್ತು!' ಅಂತ. ಅದಕ್ಕೂ ಕಾಲಕ್ಕೂ ಸಂಬಂಧ ಇಲ್ಲ.

ದನಿಯ ಏರಿಳಿತ ತಪ್ಪಿದರೆ ಏನಾಗುತ್ತದೆ?

ಡಾ ಮತ್ತು ಸೆ ಎರಡಕ್ಕೂ ಬರವಣಿಗೆಯಲ್ಲಿ ಅಲೆಯಂಥ ಗುರುತು ಇದೆ. ಹನೋಯ್‌ನಲ್ಲಿ ದನಿ ನಡುವೆ ಕಡಿದು ಮತ್ತೆ ಏರುತ್ತದೆ. ದಕ್ಷಿಣದಲ್ಲಿ ಕಡಿಯದೆ ಇಳಿದು ಏರುತ್ತದೆ. ಡಾಂಗ್ ಸಮತಟ್ಟು. ಡಾ ಪದವನ್ನು ಸೀದಾ ಏರಿಸಿಬಿಟ್ಟರೆ ಅದು đá ಆಗುತ್ತದೆ, ಕಲ್ಲು ಅಥವಾ ಐಸ್. ರಸ್ತೆ ಬದಿಯಲ್ಲಿ ಕೊಡುವ ಐಸ್ ಚಹಾದ ಹೆಸರಿನಲ್ಲಿರುವುದು ಅದೇ ಪದ.

ಗೆಳೆಯರ ಮೆಸೇಜ್‌ನಲ್ಲಿ ಬರೀ r ಅಂತ ಬರುತ್ತದೆ. ಏನದು?

ಅದು ರೋಯ್. ಊಟ ಆಯ್ತಾ ಅಂತ ಕೇಳಿದ್ದಕ್ಕೆ 'ಆಯ್ತು' ಅಂತ ಉತ್ತರ. k ಅಥವಾ ko ಅಂತ ಬಂದರೆ ಖೋಂಗ್.